ಹುಣ್ಣಿಲ್ಲ, ಆದ್ರೂ ನಾಲಿಗಿ ಉರಿತದ

ಸಂಕ್ರಾಂತಿ ಮುಗಿದು ಎರಡು ವಾರ ಆಗಿರಬೇಕು. ಮಸ್ಕಿ ಹತ್ತಿರದ ನಮ್ಮೂರಿನಿಂದ ಅವ್ವ ಫೋನ್ ಮಾಡಿದಳು. "ನಾಲಿಗಿ ತುದಿ ಉರಿಲಿಕ್ಕತ್ಯಾದಪ. ಹಸಿಮೆಣಸಿನಕಾಯಿ ಕಚ್ಚಿಧಂಗ ಆಗ್ಯಾದ" ಅಂದಳು. ಉಷ್ಣ ಆಗಿರಬೇಕು, ಮಜ್ಜಿಗೆ ಕುಡಿ ಅಂತ ಹೇಳಿ ಇಟ್ಟುಬಿಟ್ಟೆವು. ಮಕ್ಕಳಾಗಿ ನಾವು ಕೊಟ್ಟ ಮೊದಲ ಚಿಕಿತ್ಸೆ ಅಷ್ಟೇ.

ನಾವು ಅಂದರೆ ಅಕ್ಕ-ತಮ್ಮ ಇಬ್ಬರು. ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿದೆ. ತಮ್ಮನ ಬಿಡಾರ ಸಿಂಧನೂರು, ಅಲ್ಲಿಂದಲೇ ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ. ನಡುವೆ ಮಸ್ಕಿಯಲ್ಲಿ ಅವ್ವ. ಮುಂದಿನ ಎಂಟು ತಿಂಗಳು ಈ ಮೂರೂರುಗಳ ನಡುವಿನ ಬಸ್ಸಿನಲ್ಲಿ ನಾವು ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ. ಊರಲ್ಲಿ ಇದೇ ಉರಿ ಇರುವ ಮತ್ತಿಬ್ಬರು ಹೆಣ್ಣುಮಕ್ಕಳು ಆಮೇಲೆ ಅವ್ವನ ಹತ್ತಿರ ಬಂದು ಕೇಳಿದರು. ಹಾಗಾಗಿ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇವೆ. ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇವೆ.

ಮಜ್ಜಿಗೆ ಕುಡಿದಳು, ಸಬ್ಬಕ್ಕಿ ಗಂಜಿ ಕುಡಿದಳು, ರಾತ್ರಿ ನಾಲಿಗೆಗೆ ತುಪ್ಪ ಸವರಿಕೊಂಡು ಮಲಗಿದಳು. ಮೆಡಿಕಲ್ ಅಂಗಡಿಯವನು ಹತ್ತು ದಿನದ ಬಿ ಕಾಂಪ್ಲೆಕ್ಸ್ ಗುಳಿಗೆ ಮತ್ತು ಬಾಯಿ ಹುಣ್ಣಿಗೆ ಹಚ್ಚುವ ಮುಲಾಮು ಕೊಟ್ಟ. ಮುಲಾಮು ಹಚ್ಚಿದಾಗ ಸ್ವಲ್ಪ ಹೊತ್ತು ಜಡ್ಡುಗಟ್ಟಿದಂತಾಗಿ ಮತ್ತೆ ಉರಿ ಶುರು. ಹಚ್ಚುವುದಾದರೂ ಎಲ್ಲಿಗೆ? ಹುಣ್ಣೇ ಇರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನಾವೇ ನೋಡಿದೆವು. ಗುಳ್ಳೆ ಇಲ್ಲ, ಬಿಳಿ ಇಲ್ಲ, ಗಾಯ ಇಲ್ಲ. ಎಲ್ಲರ ನಾಲಿಗೆ ಇದ್ದ ಹಾಗೇ ಇತ್ತು.

ಒಂದು ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಏನೂ ಇಲ್ಲಮ್ಮ, ಮನಸಿಗೆ ಹಚ್ಕೊಂಡೀರಿ" ಅಂದರು. ಹೊರಗೆ ಬಂದ ಮೇಲೆ ಅವ್ವ ಮಾತಾಡಲಿಲ್ಲ. ಮನೆಯಲ್ಲಿಯೂ ಅದೇ ಮಾತು ಶುರುವಾಯಿತು. ಕಾಣದ ಬೇನೆಯನ್ನು ನಂಬುವುದು ಕಷ್ಟ. ಕಾಲು ಮುರಿದರೆ ಊರೇ ನೋಡಲು ಬರುತ್ತದೆ, ನಾಲಿಗೆ ಉರಿದರೆ ಯಾರು ಬರುತ್ತಾರೆ?

ಮಾರ್ಚಿನಲ್ಲಿ ಒಂದು ದಿನ ಅವ್ವ ಅಕ್ಕನನ್ನು ಒಳಗೆ ಕರೆದು ತನ್ನ ಬೋರಮಾಳ ಎಲ್ಲಿದೆ, ಬೆಂಡೋಲೆ ಯಾರಿಗೆ ಕೊಡಬೇಕು ಅಂತ ಹೇಳಲು ಶುರು ಮಾಡಿದಳು. ಆಗ ನಮಗೆ ವಿಷಯ ತಿಳಿಯಿತು. ನಮ್ಮ ಸೋದರಮಾವ ತಂಬಾಕು ತಿಂದು ತಿಂದು ಬಾಯಿ ಕ್ಯಾನ್ಸರಿನಿಂದ ಹೋದವನು. ಅವನಿಗೂ ಮೊದಲು ಖಾರ ತಿಂದರೆ ಬಾಯಿ ಉರಿಯುತ್ತಿತ್ತಂತೆ. ಅವ್ವ ಎರಡು ತಿಂಗಳಿಂದ ಅದೇ ತನಗೂ ಬಂದಿದೆ ಅಂದುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಮೈ ಇಳಿದಿತ್ತು. ನಾವು ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆವು.

ಮರುದಿನವೇ ಅಕ್ಕ ಲಿಂಗಸುಗೂರಿನಲ್ಲಿ ಒಬ್ಬ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರು ಟಾರ್ಚ್ ತೆಗೆಯುವ ಮೊದಲು ಮಾತು ಕೇಳಿದರು. ಅದೇ ನಮಗೆ ಹೊಸದು.

"ಅವ್ವಾರ, ಮುಂಜಾನಿ ಏಳೋ ಹೊತ್ತಿಗೆ ಹ್ಯಾಂಗಿರ್ತದ?" ಅಂತ ಮೊದಲ ಪ್ರಶ್ನೆ. ಅವ್ವ ಯೋಚನೆ ಮಾಡಿ, "ಮುಂಜಾನಿ ನಾಕಾಣೆ ಉರಿ. ಮಧ್ಯಾಹ್ನ ಎಂಟಾಣೆ. ದೀಪ ಹಚ್ಚೋ ಹೊತ್ತಿಗೆ ಹದಿನಾರಾಣೆ" ಅಂದಳು. ಡಾಕ್ಟರು ನಕ್ಕರು, ಆದರೆ ಅದನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡರು. ಊಟ ಮಾಡುವಾಗ ಉರಿ ಹೆಚ್ಚೋ ಕಮ್ಮಿಯೋ ಅಂತ ಎರಡನೇ ಪ್ರಶ್ನೆ. ಖಾರ ಬಿಟ್ಟರೆ, ತುತ್ತು ಬಾಯಲ್ಲಿ ಇರುವಷ್ಟು ಹೊತ್ತು ಕಮ್ಮಿ ಅಂತ ಅವ್ವ ಹೇಳಿದಳು. ಒಂದೇ ಕಡೆ ಉರಿಯುತ್ತದೋ ಎರಡೂ ಕಡೆಯೋ ಅಂತ ಮೂರನೆಯದು. ತುದಿ ಮತ್ತು ಎರಡೂ ಅಂಚು ಅಂದಳು.

ಈ ಮೂರು ಪ್ರಶ್ನೆ ಯಾಕೆ ಅಂತ ನಮಗೆ ಆಮೇಲೆ ಅರ್ಥವಾಯಿತು. ಹುಣ್ಣಿನ ಉರಿ ಹುಣ್ಣಿದ್ದ ಜಾಗದಲ್ಲಿ ಇರುತ್ತದೆ, ತುತ್ತು ತಾಗಿದರೆ ಹೆಚ್ಚುತ್ತದೆ. ಹುಣ್ಣಿಲ್ಲದ ನಾಲಿಗೆ ಉರಿ ಬಹಳ ಮಂದಿಗೆ ತುದಿಯಲ್ಲಿ, ಎರಡೂ ಕಡೆ ಸಮನಾಗಿ ಇರುತ್ತದೆ. ಮುಂಜಾನೆ ಕಡಿಮೆ ಇದ್ದು ಹೊತ್ತು ಏರಿದಂತೆ ಏರುತ್ತದೆ, ತಿನ್ನುವಾಗ ತುಸು ಇಳಿಯುತ್ತದೆ. ಒಂದೇ ಕಡೆ ನೋವು, ಕೈಗೆ ಗಟ್ಟಿ ಗಂಟು, ಜೋಮು ಹಿಡಿದು ಸ್ಪರ್ಶ ತಿಳಿಯದಿರುವುದು, ಎರಡು ಮೂರು ವಾರವಾದರೂ ಮಾಯದ ಗಾಯ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ ಇದ್ದರೆ ಅದರ ದಾರಿಯೇ ಬೇರೆ. ಅಂಥವರು ಬಿ ಕಾಂಪ್ಲೆಕ್ಸ್ ನುಂಗುತ್ತಾ ಕೂಡದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಗುಟ್ಕಾ, ಅಡಿಕೆ ತಿನ್ನುವ ಹುಡುಗರ ವಿಷಯವನ್ನೂ ಇಲ್ಲೇ ಹೇಳಬೇಕು. ಅವರಿಗೂ ಖಾರ ತಿಂದರೆ ಬಾಯಿ ಉರಿಯುತ್ತದೆ, ಮೊದಲಿಗೆ ಹುಣ್ಣು ಕಾಣುವುದಿಲ್ಲ. ಆದರೆ ಕೆನ್ನೆಯ ಒಳಗಿನ ತೊಗಲು ಬಿಳಿಚಿಕೊಂಡು ಗಟ್ಟಿಯಾಗುತ್ತಾ ಬರುತ್ತದೆ, ಬಾಯಿ ತೆರೆಯುವುದು ಕಮ್ಮಿ ಆಗುತ್ತದೆ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಲ್ಲಿ ಹಿಡಿಸದಿದ್ದರೆ ಅದೇ ಗುರುತು. ಇದು ತಂಬಾಕಿಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ, ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಮಾವನಿಗೆ ಇದ್ದದ್ದು ಇಂಥದೇ ಇರಬೇಕು. ಅವ್ವ ಎಲೆ-ಅಡಿಕೆ ಹಾಕುವವಳಲ್ಲ, ಅವಳ ಬಾಯಿ ಮೂರು ಬೆರಳಿಗೆ ಸಲೀಸಾಗಿ ತೆರೆಯಿತು.

ಮಾತು ಮುಗಿದ ಮೇಲೆ ಡಾಕ್ಟರು, "ಮನ್ಯಾಗ ಏನೇನು ಗುಳಿಗಿ ತಗೋತೀರಿ, ಎಲ್ಲಾ ತೋರಸ್ರಿ" ಅಂದರು. ಅವ್ವ ಸೆರಗಿನ ಗಂಟು ಬಿಚ್ಚಿದಳು. ಎರಡು ಪಟ್ಟಿ ಹೊರಗೆ ಬಂದವು. ಒಂದು ಗ್ಯಾಸಿನ ಗುಳಿಗೆ. ಮೂರು ವರ್ಷದ ಹಿಂದೆ ಎದೆ ಉರಿ ಅಂತ ಯಾರೋ ಹತ್ತು ದಿನಕ್ಕೆ ಬರೆದುಕೊಟ್ಟದ್ದನ್ನು ಅವ್ವ ಚಹಾ ಕುಡಿದಷ್ಟೇ ನೇಮದಿಂದ ದಿನಾ ಮುಂಜಾನೆ ನುಂಗುತ್ತಿದ್ದಳು. ಇನ್ನೊಂದು ಧೂಳಿನ ಅಲರ್ಜಿಗೆ ಅಂತ ಸೆಟ್ರಿಜಿನ್. ಜೋಳ ರಾಶಿ ಮಾಡುವಾಗ ಸೀನು ಬರುತ್ತದೆ ಅಂತ ಶುರು ಮಾಡಿದ್ದು, ರಾಶಿ ಮುಗಿದರೂ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ ಅಂತ ಬಿಟ್ಟಿರಲಿಲ್ಲ.

ಎರಡೂ ಗುಳಿಗೆ ನಾಲಿಗೆಗೆ ಸಂಬಂಧ ಇದ್ದವೇ. ನೆಗಡಿ, ಅಲರ್ಜಿ ಗುಳಿಗೆಗಳು ಬಾಯಿಯ ಜೊಲ್ಲನ್ನು ಒಣಗಿಸುತ್ತವೆ. ಜೊಲ್ಲು ನಾಲಿಗೆಗೆ ಎಣ್ಣೆ ಇದ್ದ ಹಾಗೆ. ಅದು ಕಡಿಮೆಯಾದರೆ ನಾಲಿಗೆ ಹಲ್ಲಿಗೆ, ಅಂಗಳಕ್ಕೆ ಉಜ್ಜಿ ಉಜ್ಜಿ ಉರಿಯುತ್ತದೆ. ಮೂತ್ರ ತಡೆಯಲು, ನಿದ್ದೆ ಬರಲು, ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳೂ ಹೀಗೇ ಮಾಡುತ್ತವೆ. ಗ್ಯಾಸಿನ ಗುಳಿಗೆಯ ದಾರಿ ಸುತ್ತು. ಅದು ಹೊಟ್ಟೆಯ ಆಮ್ಲ ಕಮ್ಮಿ ಮಾಡುತ್ತದೆ. ಊಟದೊಳಗಿನ ಬಿ 12 ಬಿಡಿಸಿಕೊಳ್ಳಲು ಆ ಆಮ್ಲವೇ ಬೇಕು. ವರ್ಷಗಟ್ಟಲೆ ನುಂಗಿದರೆ ಬಿ 12 ಇಳಿಯಬಹುದು. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೂ ಹೀಗೇ ಆಗುತ್ತದೆ. ಬಿಪಿಗೆ ಎನಾಲಾಪ್ರಿಲ್ ಜಾತಿಯ ಗುಳಿಗೆ ತೆಗೆದುಕೊಳ್ಳುವ ಕೆಲವರಿಗೆ ಆ ಗುಳಿಗೆಯಿಂದಲೇ ನಾಲಿಗೆ ಉರಿಯುವುದೂ ಉಂಟು. ಅವ್ವನಿಗೆ ಬಿಪಿ, ಸಕ್ಕರೆ ಎರಡೂ ಇರಲಿಲ್ಲ. ಇದನ್ನು ಓದಿ ಯಾರೂ ತಮ್ಮ ಬಿಪಿ ಗುಳಿಗೆ ತಾವೇ ನಿಲ್ಲಿಸಬಾರದು. ಬದಲಿ ಗುಳಿಗೆ ಇದೆಯಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು.

ಊಟದ ವಿಚಾರವೂ ಬಂತು. ನಮ್ಮ ಮನೆಯಲ್ಲಿ ಮಾಂಸ, ತತ್ತಿ ಇಲ್ಲ. ಬಿ 12 ಸಿಗುವುದು ಮಾಂಸ, ಮೀನು, ತತ್ತಿ, ಹಾಲಿನಲ್ಲಿ. ಜೋಳದಲ್ಲಿ, ಬೇಳೆಯಲ್ಲಿ, ಪಲ್ಯದಲ್ಲಿ ಇಲ್ಲ. ಮನೆಯಲ್ಲಿ ಎಮ್ಮೆ ಇದೆ, ಹಾಲು ಡೈರಿಗೆ ಹೋಗುತ್ತದೆ. ಉಳಿದದ್ದು ಗಂಡಸರಿಗೆ, ಮೊಮ್ಮಕ್ಕಳಿಗೆ. ಅವ್ವನ ಪಾಲಿಗೆ ಚಹಾದೊಳಗಿನ ಹಾಲು. ಅದನ್ನು ಡಾಕ್ಟರಿಗೆ ಹೇಳುವಾಗ ನಮ್ಮ ತಲೆ ತಗ್ಗಿತು.

ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್, ಕಬ್ಬಿಣಾಂಶದ ದಾಸ್ತಾನು ಹೇಳುವ ಫೆರಿಟಿನ್, ಬಿ 12, ಸಕ್ಕರೆ, ಥೈರಾಯ್ಡ್. ಬರೆಯುವಾಗ ಒಂದು ಪ್ರಶ್ನೆ ಕೇಳಿದರು. ಬಿ ಕಾಂಪ್ಲೆಕ್ಸ್ ಗುಳಿಗೆ ಅಥವಾ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದೀರಿ? ಇತ್ತೀಚೆಗೆ ಬಿ 12 ಮೈಗೆ ಹೋಗಿದ್ದರೆ ರಕ್ತದಲ್ಲಿ ಅದರ ಅಂಕಿ ಏರಿ, ಕೊರತೆ ಇದ್ದರೂ ಇಲ್ಲದಂತೆ ತೋರಿಸುತ್ತದೆ. ಹಾಗಾಗಿ ಪರೀಕ್ಷೆ ಮೊದಲು, ಗುಳಿಗೆ ಆಮೇಲೆ. ನಮ್ಮ ಕಡೆ ಎಲ್ಲರೂ ಮಾಡುವುದು ತಿರುವುಮುರುವು. ಅವ್ವನ ಹತ್ತು ದಿನದ ಗುಳಿಗೆ ಮುಗಿದು ಒಂದು ತಿಂಗಳ ಮೇಲಾಗಿತ್ತು. ಅದರಲ್ಲಿ ಬಿ 12 ಇದ್ದದ್ದೂ ತೀರಾ ಅಲ್ಪ. ಪರೀಕ್ಷೆಗೆ ಅಡ್ಡಿ ಇರಲಿಲ್ಲ.

ವರದಿ ಮರುದಿನ ಬಂತು. ಹಿಮೋಗ್ಲೋಬಿನ್ 9.6. ಹೆಣ್ಣುಮಕ್ಕಳಿಗೆ 12ರ ಮೇಲಿರಬೇಕು. ಫೆರಿಟಿನ್ 9, ಅಂದರೆ ಕಬ್ಬಿಣದ ಕಣಜ ಬರಿದು. ಬಿ 12 ಅಂಕಿ 132. ಆ ಲ್ಯಾಬಿನ ಚೀಟಿಯಲ್ಲಿ ಕನಿಷ್ಠ 200 ಇರಬೇಕು ಅಂತ ಅಚ್ಚಾಗಿತ್ತು. ಸಕ್ಕರೆ, ಥೈರಾಯ್ಡ್ ಸರಿ ಇದ್ದವು.

ರಕ್ತ ಕಡಿಮೆಯಾದರೆ ನಾಲಿಗೆ ಯಾಕೆ ಉರಿಯಬೇಕು ಅಂತ ನಾವು ಕೇಳಿದೆವು. ನಾಲಿಗೆಯ ಮೇಲಿನ ಪೊರೆ ಬಹಳ ಬೇಗ ಸವೆದು ಬೇಗ ಹೊಸದಾಗುವ ತೊಗಲು. ಹೊಸದು ಕಟ್ಟಲು ಕಬ್ಬಿಣ, ಬಿ 12, ಫೋಲಿಕ್ ಆಮ್ಲ ಬೇಕು. ಸಾಮಾನು ಕಡಿಮೆಯಾದರೆ ಪೊರೆ ತೆಳುವಾಗುತ್ತದೆ, ಖಾರ ನೇರವಾಗಿ ನರಕ್ಕೆ ತಾಗುತ್ತದೆ. ಬಹಳ ಕಡಿಮೆಯಾದರೆ ನಾಲಿಗೆಯ ಒರಟುತನ ಹೋಗಿ ನುಣುಪಾಗಿ ಕೆಂಪಾಗುತ್ತದೆ. ಆದರೆ ಉರಿ ಅದಕ್ಕಿಂತ ಮೊದಲೇ ಶುರುವಾಗಬಹುದು. ಮೇಲಾಗಿ ಬಿ 12 ನರಗಳಿಗೂ ಬೇಕು. ಅವ್ವನಿಗೆ ಅಂಗಾಲು ಜೋಮು ಹಿಡಿಯುತ್ತಿತ್ತು. ಅದನ್ನು ಅವಳು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದಳು.

ಚಿಕಿತ್ಸೆ ಸರಳ ಇತ್ತು. ಬಿ 12 ಇಂಜೆಕ್ಷನ್ ಮೊದಲೆರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಕಬ್ಬಿಣದ ಗುಳಿಗೆ ನಿಂಬೆ ನೀರಿನ ಜೊತೆ, ಚಹಾ ಕುಡಿಯುವುದಕ್ಕೂ ಅದಕ್ಕೂ ಎರಡು ತಾಸು ಅಂತರ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಸೆಟ್ರಿಜಿನ್ ಬಂದ್. ಗ್ಯಾಸಿನ ಗುಳಿಗೆ ಮೊದಲು ದಿನ ಬಿಟ್ಟು ದಿನ ಮಾಡಿ, ಒಂದು ತಿಂಗಳಲ್ಲಿ ಬಂದ್. ದಿನಾ ಒಂದು ಲೋಟ ಹಾಲು ಅಥವಾ ಮೊಸರು ಅವ್ವನ ಪಾಲಿಗೆ ತೆಗೆದಿಡಬೇಕು ಅಂತ ಡಾಕ್ಟರು ನಮ್ಮ ಕಡೆ ನೋಡಿ ಹೇಳಿದರು. ಮುಟ್ಟು ನಿಂತ ಹೆಣ್ಣುಮಗಳಿಗೆ ಕಬ್ಬಿಣ ಇಷ್ಟು ಇಳಿಯಬಾರದು, ಒಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯಾ ನೋಡಬೇಕು ಅಂತ ಮಲ ಪರೀಕ್ಷೆಯನ್ನೂ ಮಾಡಿಸಿದರು. ಏನೂ ಸಿಗಲಿಲ್ಲ.

ಅವ್ವ ಮನೆಯ ಕ್ಯಾಲೆಂಡರಿನಲ್ಲಿ ದಿನಾ ಆಣೆ ಲೆಕ್ಕ ಬರೆಸತೊಡಗಿದಳು. ಮೊಮ್ಮಗಳು ಬರೆಯುವವಳು. ಮುಂಜಾನೆ ಒಂದು ಅಂಕಿ, ಸಂಜೆ ಒಂದು ಅಂಕಿ. ಬೇರೆ ಯಾವ ಚೀಟಿಗಿಂತ ಈ ಕ್ಯಾಲೆಂಡರ್ ಮುಂದೆ ನಮಗೆ ಕೆಲಸಕ್ಕೆ ಬಂತು.

ಏಪ್ರಿಲಿನಲ್ಲಿ ಸಂಜೆಯ ಅಂಕಿ ಹದಿನಾರು, ಹದಿನಾಲ್ಕು. ಮೇ ನಡುವೆ ಹನ್ನೆರಡು. ಜೂನಿನಲ್ಲಿ ಎಂಟಕ್ಕೆ ಇಳಿಯಿತು. ಅಂಗಾಲಿನ ಜೋಮು ಹೋಯಿತು. ಸಾರಿನ ರುಚಿ ತಿಳಿಯುತ್ತಿದೆ ಅಂದಳು. ಹಿಮೋಗ್ಲೋಬಿನ್ 11.8ಕ್ಕೆ ಏರಿತು. ನಾವು ಗೆದ್ದೆವು ಅಂದುಕೊಂಡೆವು. ಜುಲೈ ಪೂರ್ತಿ ಎಂಟು, ಎಂಟು, ಒಂಬತ್ತು, ಎಂಟು. ಅಂಚಿನ ಉರಿ ಹೋಗಿ ತುದಿಯ ಉರಿ ಅಲ್ಲಿಗೇ ನಿಂತುಬಿಟ್ಟಿತು. ರಕ್ತದ ಅಂಕಿ ಎಲ್ಲಾ ಸರಿಯಾದರೂ ಕ್ಯಾಲೆಂಡರಿನ ಅಂಕಿ ಇಳಿಯಲಿಲ್ಲ. ಅವ್ವನ ಮುಖದಲ್ಲಿ ಹಳೆಯ ಹೆದರಿಕೆ ಮತ್ತೆ ಕಾಣಿಸಿತು.

ಲಿಂಗಸುಗೂರಿನ ಡಾಕ್ಟರು, "ನನ್ನ ಕಡೆಯಿಂದ ಆಗೋದು ಆಯ್ತು. ಇನ್ನ ಬಾಯಿ ನೋಡೋರ ಕಡೆ ಹೋಗ್ರಿ" ಅಂದು ಚೀಟಿ ಬರೆದರು. ಹಲ್ಲಿನ ಕಾಲೇಜುಗಳಲ್ಲಿ ಹಲ್ಲು ಕೀಳುವ ವಿಭಾಗ ಅಷ್ಟೇ ಅಲ್ಲ, ಓರಲ್ ಮೆಡಿಸಿನ್ ಅಂತ ಒಂದು ವಿಭಾಗ ಇರುತ್ತದೆ. ಬಾಯೊಳಗಿನ ತೊಗಲು, ನಾಲಿಗೆ, ಜೊಲ್ಲು ನೋಡುವುದು ಅವರ ಕೆಲಸ. ಇದು ನಮಗೂ ಗೊತ್ತಿರಲಿಲ್ಲ. ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ ಅಂತ ಎರಡು ಹಲ್ಲಿನ ಕಾಲೇಜುಗಳಿವೆ. ಆಗಸ್ಟಿನಲ್ಲಿ ಸಿಂಧನೂರಿನ ಬಸ್ ಹಿಡಿದು ರಾಯಚೂರಿಗೆ ಹೋದೆವು. ಕ್ಯಾಲೆಂಡರನ್ನು ಸುರುಳಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೆವು.

ಅಲ್ಲಿ ಅವ್ವನ ಬಾಯಿ ನೋಡಲು ಒಬ್ಬ ಹೆಣ್ಣುಮಗಳು ಡಾಕ್ಟರು ಅರ್ಧ ತಾಸು ತೆಗೆದುಕೊಂಡರು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ಎಳೆದು ಎರಡೂ ಅಂಚು, ಕೆಳಭಾಗ ನೋಡಿದರು. ಬೆರಳಿನಿಂದ ಒತ್ತಿ ಗಟ್ಟಿ ಎಲ್ಲಾದರೂ ಇದೆಯಾ ನೋಡಿದರು. ಬಿಳಿ ಪದರ ಇದ್ದರೆ ಬೂಸ್ಟು ಹಿಡಿದಿರಬಹುದು ಅಂತ ಬಟ್ಟೆಯಿಂದ ಒರೆಸಿ ನೋಡಿದರು. ಹಲ್ಲಿನ ಸೆಟ್ ಹಾಕಿಕೊಂಡವರಿಗೆ, ಸಕ್ಕರೆ ಇರುವವರಿಗೆ, ಉಬ್ಬಸಕ್ಕೆ ಎಳೆಯುವ ಔಷಧಿ ತೆಗೆದುಕೊಂಡು ಬಾಯಿ ಮುಕ್ಕಳಿಸದವರಿಗೆ ಈ ಬೂಸ್ಟು ಬೇಗ ಹತ್ತುತ್ತದಂತೆ. ಅವ್ವನಿಗೆ ಇರಲಿಲ್ಲ. ಹಲ್ಲಿನ ಪೇಸ್ಟ್ ಯಾವುದು ಅಂತ ಕೇಳಿದರು. ಬಹಳ ನೊರೆ ಬರುವ, ಘಾಟು ಪುದೀನಾದ ಪೇಸ್ಟ್ ಬಿಟ್ಟು ಸೌಮ್ಯದ್ದು ಬಳಸಲು ಹೇಳಿದರು.

ಆಮೇಲೆ ಜೊಲ್ಲಿನ ಪರೀಕ್ಷೆ. ಹಲ್ಲು ನೋಡುವ ಸಣ್ಣ ಕನ್ನಡಿಯನ್ನು ಕೆನ್ನೆಯ ಒಳಗೆ ಒತ್ತಿ ಎಳೆದರು. ಬಾಯಿ ಒಣಗಿದ್ದರೆ ಕನ್ನಡಿ ಅಂಟಿಕೊಳ್ಳುತ್ತದೆ, ಹಸಿ ಇದ್ದರೆ ಜಾರುತ್ತದೆ. ಅವ್ವನದು ಜಾರಿತು. ಬಳಿಕ ಗೆರೆ ಇರುವ ಒಂದು ಸಣ್ಣ ಲೋಟ ಕೊಟ್ಟು, ನುಂಗದೆ, ಮಾತಾಡದೆ, ತಲೆ ಬಗ್ಗಿಸಿ ಕೂತು ಐದು ನಿಮಿಷ ಜೊಲ್ಲನ್ನು ತಾನಾಗಿಯೇ ಲೋಟಕ್ಕೆ ಇಳಿಯಬಿಡಲು ಹೇಳಿದರು. ಐದು ನಿಮಿಷಕ್ಕೆ ಅರ್ಧ ಎಂಎಲ್‌ಗಿಂತ ಕಡಿಮೆ ಬಂದರೆ ಬಾಯಿ ನಿಜವಾಗಿಯೂ ಒಣಗಿದೆ ಅಂತ ಅರ್ಥ. ಅವ್ವನಿಗೆ ಒಂದು ಎಂಎಲ್ ಹತ್ತಿರ ಬಂತು. ಸೆಟ್ರಿಜಿನ್ ಬಿಟ್ಟದ್ದು ಕೆಲಸ ಮಾಡಿತ್ತು. "ನನಗ ಬಾಯಿ ಒಣಗಿಧಂಗ ಅನಸ್ತದಲ್ರಿ" ಅಂತ ಅವ್ವ ಕೇಳಿದಳು. ಜೊಲ್ಲು ಸಾಕಷ್ಟು ಇದ್ದರೂ ಈ ಬೇನೆಯಲ್ಲಿ ಒಣಗಿದ ಹಾಗೆ ಅನಿಸುತ್ತದೆ, ಹಾಗಾಗಿಯೇ ಅಳೆದು ನೋಡಬೇಕು ಅಂದರು.

ಕಡೆಗೆ ಕ್ಯಾಲೆಂಡರ್ ಬಿಚ್ಚಿದೆವು. ಡಾಕ್ಟರು ಒಂದೊಂದು ತಿಂಗಳೂ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗೆ ಅಕ್ಕ ನಮ್ಮಿಬ್ಬರಲ್ಲಿ ಗಂಡುಮಗನನ್ನು ಹೊರಗೆ ಕಳಿಸಿದಳು. ಮುಟ್ಟು ನಿಂತು ಎಷ್ಟು ವರ್ಷವಾಯಿತು ಅಂತ ಆ ಪ್ರಶ್ನೆ. ಅವ್ವನಿಗೆ ಈಗ 55. ಮುಟ್ಟು ನಿಂತು ಮೂರು ವರ್ಷ. ಆಗಿನಿಂದ ಮೈ ಬಿಸಿಯೇರುವುದು, ನಡುರಾತ್ರಿ ಬೆವರಿ ಎಚ್ಚರಾಗುವುದು ಇತ್ತಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ತಿರುಗಿ ಒಳಗೆ ಕರೆದು ಡಾಕ್ಟರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇವೆ. ಅವ್ವನಿಗೆ ಎರಡು ಉರಿ ಒಟ್ಟಿಗೆ ಇದ್ದವು. ಒಂದು ಕೊರತೆಯ ಉರಿ, ಅದು ಇಂಜೆಕ್ಷನ್ನಿಗೆ ಹೋಯಿತು. ಉಳಿದದ್ದು ನರದ ಉರಿ. ಇದಕ್ಕೆ ಬರ್ನಿಂಗ್ ಮೌತ್ ಸಿಂಡ್ರೋಮ್ ಅಂತ ಹೆಸರು. ದಿನಕ್ಕೆ ಎರಡು ತಾಸಿಗಿಂತ ಹೆಚ್ಚು, ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಾಯಿ ಉರಿದು, ಬೇರೆ ಯಾವ ಕಾರಣವೂ ಸಿಗದಿದ್ದಾಗ ಮಾತ್ರ ಈ ಹೆಸರು ಕೊಡುತ್ತಾರೆ. ಗಂಡಸರಿಗಿಂತ ಹೆಂಗಸರಿಗೆ ಬಹಳ ಹೆಚ್ಚು, ಅದರಲ್ಲೂ ಮುಟ್ಟು ನಿಲ್ಲುವ ಆಸುಪಾಸಿನವರಿಗೆ ಮತ್ತು ನಿಂತ ಮೇಲಿನ ವರ್ಷಗಳಲ್ಲಿ ಹೆಚ್ಚು.

ನಾಲಿಗೆಗೆ ರುಚಿ ತಿಳಿಸುವ ನರ ಬೇರೆ, ನೋವು ತಿಳಿಸುವ ನರ ಬೇರೆ. ರುಚಿಯ ನರ ನೋವಿನ ನರವನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಮುಟ್ಟು ನಿಂತು ಹಾರ್ಮೋನು ಇಳಿದಾಗ ಕೆಲವರಲ್ಲಿ ರುಚಿಯ ನರ ಸೋಲುತ್ತದೆ, ನೋವಿನ ನರದ ಮೂಗುದಾರ ಸಡಿಲಾಗುತ್ತದೆ, ಖಾರ ಇಲ್ಲದಿದ್ದರೂ ಖಾರ ಬಿದ್ದಂತೆ ಕೂಗುತ್ತದೆ ಅನ್ನುವುದು ತಜ್ಞರು ಕೊಡುವ ಒಂದು ವಿವರಣೆ. ಊಟ ಮಾಡುವಾಗ ರುಚಿಯ ನರಕ್ಕೆ ಕೆಲಸ ಸಿಗುತ್ತದೆ, ಆಗ ಉರಿ ಇಳಿಯುತ್ತದೆ. ತುತ್ತು ಬಾಯಲ್ಲಿದ್ದರೆ ಕಮ್ಮಿ ಅಂತ ಅವ್ವ ಹೇಳಿದ್ದಕ್ಕೆ ಇದು ಹೊಂದುತ್ತದೆ. ಹಾಗಂತ ಹಾರ್ಮೋನ್ ಗುಳಿಗೆ ಕೊಟ್ಟರೆ ಈ ಉರಿ ಹೋಗುತ್ತದೆ ಅಂತ ಭರವಸೆ ಇಲ್ಲ, ಅದನ್ನು ಇದಕ್ಕೋಸ್ಕರ ಕೊಡುವುದಿಲ್ಲ ಅಂದರು.

ಆಮೇಲೆ ಡಾಕ್ಟರು ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡು, "ಅಮ್ಮಾ, ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿ ತಿರುಗೋದೂ ಇಲ್ಲ. ಆದ್ರ ಇದು ಖರೇ ಬ್ಯಾನಿ. ನಿಮ್ಮ ಮನಸಿನ ಆಟ ಅಲ್ಲ" ಅಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಕ್ಯಾನ್ಸರ್ ಅಲ್ಲ ಅಂದದ್ದಕ್ಕಿಂತ, ಖರೇ ಬ್ಯಾನಿ ಅಂದದ್ದಕ್ಕೆ ಅತ್ತಳು ಅಂತ ನಮಗೆ ಅನಿಸುತ್ತದೆ.

ಕೊಟ್ಟ ಔಷಧಿ ಕ್ಲೋನಾಜೆಪಾಮ್ ಅನ್ನುವ ಗುಳಿಗೆ. ಫಿಟ್ಸಿಗೆ, ಗಾಬರಿಗೆ ಕೊಡುವ ಗುಳಿಗೆಯನ್ನೇ ಇಲ್ಲಿ ಬೇರೆ ರೀತಿ ಬಳಸುತ್ತಾರೆ. ನುಂಗುವ ಹಾಗಿಲ್ಲ. ನಾಲಿಗೆ ತುದಿಯ ಮೇಲೆ ಇಟ್ಟು, ಕರಗಿದ ಜೊಲ್ಲನ್ನು ಅಲ್ಲೇ ಮೂರು ನಿಮಿಷ ಹಿಡಿದು, ಉಗುಳಬೇಕು. ಹೀಗೆ ಮಾಡಿ ನೋಡಿದ ಒಂದು ಅಧ್ಯಯನ 2004ರಲ್ಲಿ ಫ್ರಾನ್ಸಿನಿಂದ ಪ್ರಕಟವಾಗಿದೆ, ಬಹಳ ಮಂದಿಗೆ ಉರಿ ಇಳಿದಿತ್ತು, ಎಲ್ಲರಿಗೂ ಅಲ್ಲ. ಉಗುಳಿದರೂ ಸ್ವಲ್ಪ ಮೈಗೆ ಹೋಗುತ್ತದೆ, ಮಂಪರು ಬರಬಹುದು, ವಯಸ್ಸಾದವರು ಬೀಳಬಹುದು, ಹೆಚ್ಚು ದಿನ ತೆಗೆದುಕೊಂಡರೆ ಚಟವಾಗಬಹುದು. ಅದಕ್ಕೆ ಪ್ರಮಾಣವನ್ನು ನಾವು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನ ಒಬ್ಬಾಕೆ ಅವ್ವನ ಗುಳಿಗೆಯಲ್ಲಿ ಎರಡು ಕೊಡು ಅಂತ ಕೇಳಿದಾಗ ಅವ್ವ ಕೊಡಲಿಲ್ಲ. "ನಿನ್ನ ಉರಿ ಯಾವ ಉರಿ ಅಂತ ಮೊದ್ಲ ತೋರ್ಸು" ಅಂದಳಂತೆ.

ಅಕ್ಟೋಬರ್ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಸಂಜೆಯ ಅಂಕಿ ನಾಲ್ಕು. ಕೆಲವು ದಿನ ಎರಡು. ಸೊನ್ನೆ ಬಂದ ದಿನ ಇಲ್ಲ. ವರ್ಷಗಟ್ಟಲೆ ಇರಬಹುದು, ಮೆಲ್ಲಗೆ ಕಮ್ಮಿಯಾಗಬಹುದು, ನಡುವೆ ಏರಲೂಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಗುಳಿಗೆಯನ್ನು ಈಗ ಇಳಿಸುತ್ತಾ ಬಂದಿದ್ದಾರೆ. ಉರಿ ಎದ್ದಾಗ ಅವ್ವ ಒಂದು ಚೂರು ಕಲ್ಲುಸಕ್ಕರೆಯನ್ನೋ, ಫ್ರಿಜ್ಜಿನ ಮಂಜಿನ ತುಣುಕನ್ನೋ ಬಾಯಲ್ಲಿ ಇಟ್ಟುಕೊಳ್ಳುತ್ತಾಳೆ. ಬಿ 12 ಇಂಜೆಕ್ಷನ್ ತಿಂಗಳಿಗೊಂದು ನಡೆದಿದೆ.

ನಮ್ಮ ಅನುಭವದಿಂದ ದಾರಿ ಇಷ್ಟು ಅಂತ ಹೇಳಬಹುದು. ಮೊದಲು ಒಂದು ವಾರ ಮುಂಜಾನೆ-ಸಂಜೆಯ ಲೆಕ್ಕ ಬರೆಯಿರಿ. ಮನೆಯಲ್ಲಿರುವ ಎಲ್ಲಾ ಗುಳಿಗೆ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿ ಕಾಂಪ್ಲೆಕ್ಸ್ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ತುಂಬಿ, ಮೂರು ತಿಂಗಳು ಕಾಯಿರಿ. ಆಮೇಲೂ ಉಳಿದರೆ ಬಾಯಿ ನೋಡುವ ತಜ್ಞರ ಹತ್ತಿರ ಹೋಗಿ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಜೋಳದ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಚ್ಚಿಕೊಂಡು ಕೂತಿದ್ದಳು. ನಾವು ಗಾಬರಿಯಿಂದ ನೋಡಿದೆವು. "ಇದು ಖಾರದ ಉರಿ, ಅದು ಬ್ಯಾರೆ ಉರಿ. ಎರಡೂ ನನಗ ಈಗ ಗೊತ್ತಾಗ್ತಾವ" ಅಂದಳು. ಪಕ್ಕದಲ್ಲಿ ಒಂದು ಲೋಟ ಹಾಲು ಇತ್ತು. ಅದು ಅವಳ ಪಾಲಿನ ಹಾಲು.